ನಡುವೆ ಇನ್ನೊಂದು ಕಣ್ಣು ಹಿಡಿಯುತ್ತದೆಯೇ?

*ಸಂಪಾದಕರಿಗೆ ನಮಸ್ಕಾರ. ಕುಂದವಾಡ ಕೆರೆ ಹತ್ತಿರ ಮೊಬೈಲಿನಲ್ಲಿ ತೆಗೆದ ಮೂರು ಫೋಟೊ ಕಳಿಸಿದ್ದೇನೆ. ರೆಕ್ಕೆ ಬಿಚ್ಚಿ ಕೂತರೆ ಡ್ರ್ಯಾಗನ್‌ಫ್ಲೈ, ಮಡಚಿ ಕೂತರೆ ಡ್ಯಾಮ್ಸೆಲ್‌ಫ್ಲೈ ಅಂತ ನಿಮ್ಮ ಪತ್ರಿಕೆಯಲ್ಲೇ ಓದಿದ್ದೆ. ಆ ಲೆಕ್ಕದಲ್ಲಿ ಮೂರೂ ಡ್ರ್ಯಾಗನ್‌ಫ್ಲೈ ಆಗಬೇಕು. ಆದರೆ ಮೊದಲನೆಯದು ತೀರಾ ಸಣಕಲು, ಅದು ಡ್ರ್ಯಾಗನ್‌ಫ್ಲೈ ಅಲ್ಲವೇ ಅಲ್ಲ ಅಂತಾಳೆ ಮಗಳು. ಎರಡನೆಯದರ ಕಣ್ಣು ಒಂದಕ್ಕೊಂದು ತಾಗಿಲ್ಲ. ಯಾವುದನ್ನು ನಂಬಲಿ?*
*— ದಾವಣಗೆರೆಯ ಓದುಗರು*

ನಿಮ್ಮ ಮಗಳ ಮಾತು ಸರಿ, ಮೊದಲನೆಯದು ಡ್ಯಾಮ್ಸೆಲ್‌ಫ್ಲೈ. ಉಳಿದೆರಡು ಡ್ರ್ಯಾಗನ್‌ಫ್ಲೈ. ನೀವು ಎಡವಿದ್ದಕ್ಕೆ ಕಾರಣ ನಾವು. ರೆಕ್ಕೆಯ ವಿಷಯ ಬರೆದು ಕಣ್ಣಿನ ವಿಷಯ ಬಿಟ್ಟೆವು. ನಮ್ಮ ಕಡೆ ಎರಡನ್ನೂ ಏರೋಪ್ಲೇನ್ ಚಿಟ್ಟೆ ಅಂತಲೇ ಕರೆಯುವುದರಿಂದ, ಬೇರ್ಪಡಿಸಿ ಹೇಳಬೇಕಾದಾಗ ಈ ಇಂಗ್ಲಿಷ್ ಹೆಸರುಗಳೇ ಗತಿ. ಹಾಗಿರುವಾಗ ಗುರುತನ್ನಾದರೂ ಪೂರ್ತಿ ಕೊಡಬೇಕಿತ್ತು.

ಮೊದಲನೇ ಫೋಟೊ ತೆಗೆದು ಬೆರಳಿನಿಂದ ಹಿಗ್ಗಿಸಿ ನೋಡಿ. ಜೊಂಡಿನ ಕಡ್ಡಿ ಹಿಡಿದು ಬಾಲವನ್ನು ಓರೆಯಾಗಿ ಕೆಳಗೆ ಇಳಿಬಿಟ್ಟು ಕೂತಿದೆ. ರೆಕ್ಕೆ ಪೂರ್ತಿ ಮುಚ್ಚಿಲ್ಲ, ಪೂರ್ತಿ ತೆರೆದೂ ಇಲ್ಲ. ಸ್ಪ್ರೆಡ್‌ವಿಂಗ್ ಎಂಬ ಡ್ಯಾಮ್ಸೆಲ್‌ಫ್ಲೈ ಕುಟುಂಬದ ಕೂರುವ ರೀತಿಯೇ ಇದು. ಆ ಹೆಸರು ಬಂದಿದ್ದೂ ಇದರಿಂದಲೇ. ಉಳಿದ ಬಹುಪಾಲು ಡ್ಯಾಮ್ಸೆಲ್‌ಫ್ಲೈಗಳು ನಾಲ್ಕೂ ರೆಕ್ಕೆಗಳನ್ನು ಬೆನ್ನ ಮೇಲೆ ಒಟ್ಟಿಗೆ ಜೋಡಿಸಿಕೊಂಡು ಕೂರುತ್ತವೆ. ಇವು ಮಾತ್ರ ಅರ್ಧ ಬಿಚ್ಚಿಕೊಂಡೇ ಇರುತ್ತವೆ. ನೀವು ಓದಿದ ಸಾಲು ಕೈಕೊಡುವುದು ಇಲ್ಲಿಯೇ.

ಈಗ ತಲೆ ನೋಡಿ. ಡಂಬೆಲ್ಲಿನ ಹಾಗಿದೆ, ಅಡ್ಡಕ್ಕೆ ಅಗಲ, ಎರಡು ತುದಿಗೆ ಒಂದೊಂದು ಗುಂಡು. ಆ ಗುಂಡುಗಳೇ ಕಣ್ಣು. ನಾನು ಒಂದು ಕಣ್ಣಿನ ಅಗಲಕ್ಕೆ ಕಾಗದದ ಚೂರು ಕತ್ತರಿಸಿ ನಿಮ್ಮ ಫೋಟೊದ ಮೇಲಿಟ್ಟು ನೋಡಿದೆ. ಎರಡು ಕಣ್ಣಿನ ನಡುವೆ ಅದು ಸಲೀಸಾಗಿ ಹಿಡಿಯಿತು, ಇನ್ನೂ ಸ್ವಲ್ಪ ಜಾಗ ಮಿಕ್ಕಿತು. ನಡುವೆ ಇನ್ನೊಂದು ಕಣ್ಣಿಗೆ ಜಾಗವಿದ್ದರೆ ಅದು ಡ್ಯಾಮ್ಸೆಲ್‌ಫ್ಲೈ. ರೆಕ್ಕೆ ಹೇಗೇ ಇರಲಿ, ಈ ಅಳತೆ ಬದಲಾಗುವುದಿಲ್ಲ.

ಎರಡನೇ ಫೋಟೊದಲ್ಲಿ ತೊಡಕು ಇದಕ್ಕೆ ಉಲ್ಟಾ. ನೀರಿನ ಮೇಲೆ ಚಾಚಿದ ಒಣಕಡ್ಡಿಯ ತುದಿ, ಅದರ ಮೇಲೆ ದಪ್ಪ ಮೈಯ ಕಪ್ಪು-ಹಳದಿ ಪಟ್ಟೆಯ ಹುಳ, ರೆಕ್ಕೆ ಎರಡೂ ಬದಿಗೆ ನೇರ ಚಾಚಿದೆ. ಬಾಲದ ತುದಿಯ ಹತ್ತಿರ ಎರಡು ಕಡೆ ಎಲೆಯಂಥ ಚಿಕ್ಕ ಮಡಿಕೆ ಕಾಣುತ್ತದಲ್ಲ, ಅದರಿಂದ ಇದು ಕಾಮನ್ ಕ್ಲಬ್‌ಟೇಲ್ ಅಂತ ಗೊತ್ತಾಯಿತು. ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಡ್ರ್ಯಾಗನ್‌ಫ್ಲೈ. ಇದರ ಕಣ್ಣು ಕೂಡಿಲ್ಲ ಅಂತ ನೀವು ಗಮನಿಸಿದ್ದು ನನಗೆ ತುಂಬಾ ಖುಷಿ ಕೊಟ್ಟಿತು, ಎಷ್ಟೋ ಜನ ಅಷ್ಟು ಹತ್ತಿರ ಹೋಗಿ ನೋಡುವುದಿಲ್ಲ. ಡ್ರ್ಯಾಗನ್‌ಫ್ಲೈಗಳಲ್ಲಿ ಹೆಚ್ಚಿನವುಗಳ ಕಣ್ಣು ನೆತ್ತಿಯ ಮೇಲೆ ಒಂದಕ್ಕೊಂದು ತಾಗಿರುತ್ತವೆ, ಹೆಲ್ಮೆಟ್ ಹಾಕಿದ ಹಾಗೆ. ಕ್ಲಬ್‌ಟೇಲ್ ಕುಟುಂಬದಲ್ಲಿ ತಾಗುವುದಿಲ್ಲ, ನಡುವೆ ಸಂದು ಇರುತ್ತದೆ. ಆದರೆ ಅದೇ ಕಾಗದದ ಅಳತೆ ಇಲ್ಲಿ ಹಿಡಿದು ನೋಡಿ. ಆ ಸಂದಿನಲ್ಲಿ ಇನ್ನೊಂದು ಕಣ್ಣು ಹಿಡಿಯುವುದಿಲ್ಲ. ಆದ್ದರಿಂದ ಕಣ್ಣು ತಾಗಿದೆಯೋ ಇಲ್ಲವೋ ಅಂತ ಕೇಳಿದರೆ ಸಾಲದು, ಎಷ್ಟು ದೂರ ಇದೆ ಅಂತ ಕೇಳಬೇಕು.

ಮೂರನೆಯದು ಸುಲಭ. ಕಿತ್ತಳೆ ಬಣ್ಣದ ಡಿಚ್ ಜ್ಯುವೆಲ್, ಕೊಳಚೆ ನೀರಿನ ಪಕ್ಕದಲ್ಲೂ ಸಿಗುತ್ತದೆ. ಅದು ರೆಕ್ಕೆಗಳನ್ನು ತಗ್ಗಿಸಿ ತಲೆಯ ಕಡೆಗೆ, ಮುಂದಕ್ಕೆ ತಂದುಕೊಂಡಿದೆ. ಇದನ್ನೂ ಅರ್ಧ ಮಡಚಿದ ರೆಕ್ಕೆ ಅಂದುಕೊಂಡು ಡ್ಯಾಮ್ಸೆಲ್‌ಫ್ಲೈ ಪಟ್ಟಿಗೆ ಸೇರಿಸುವವರಿದ್ದಾರೆ. ಮಡಚಿದ್ದು ಯಾವ ಕಡೆಗೆ ಅಂತ ನೋಡಿದರೆ ಸಾಕು. ಸ್ಪ್ರೆಡ್‌ವಿಂಗ್‌ನ ರೆಕ್ಕೆ ವಾಲುವುದು ಹಿಂದಕ್ಕೆ, ಬಾಲದ ಕಡೆಗೆ. ಹೀಗೆ ಮುಂದಕ್ಕೆ ತಂದು ಕೂರುವುದು ಡ್ರ್ಯಾಗನ್‌ಫ್ಲೈ.

ನೀವು ಕೇಳದಿದ್ದರೂ ಇನ್ನೊಂದು ಹೇಳಬೇಕು, ಮುಂದೆ ಇದು ನಿಮಗೂ ಎದುರಾಗುತ್ತದೆ. ಒಮ್ಮೆ ಚಿತ್ರದುರ್ಗದ ಚಂದ್ರವಳ್ಳಿ ಕೆರೆಯ ದಂಡೆಗೆ ಬೆಳಕು ಹರಿಯುವ ಹೊತ್ತಿಗೇ ಹೋಗಿದ್ದೆ. ನೀರಂಚಿನ ಹುಲ್ಲುಕಡ್ಡಿಗೆ ಮಾಸಲು ಬಣ್ಣದ ಡ್ರ್ಯಾಗನ್‌ಫ್ಲೈ ಅಂಟಿಕೊಂಡಿತ್ತು. ರೆಕ್ಕೆ ನಾಲ್ಕೂ ಬೆನ್ನ ಮೇಲೆ ಮುಚ್ಚಿ ನಿಂತಿದ್ದವು, ಥೇಟ್ ಡ್ಯಾಮ್ಸೆಲ್‌ಫ್ಲೈ. ಆದರೆ ಕಣ್ಣು ನೆತ್ತಿಯಲ್ಲಿ ಕೂಡಿದ್ದವು. ಹತ್ತಿರ ಬಗ್ಗಿದಾಗ ಅದೇ ಕಡ್ಡಿಯಲ್ಲಿ ಒಂದು ಗೇಣು ಕೆಳಗೆ ಬೆನ್ನು ಸೀಳಿದ ಖಾಲಿ ಪೊರೆ ಕಂಡಿತು. ಆಗಷ್ಟೇ ನೀರಿನಿಂದ ಮೇಲೆ ಬಂದು ಪೊರೆ ಕಳಚಿದ ಹುಳ ಅದು. ಹೊಸ ರೆಕ್ಕೆ ಗಟ್ಟಿಯಾಗುವವರೆಗೆ ಡ್ರ್ಯಾಗನ್‌ಫ್ಲೈ ಕೂಡ ಅದನ್ನು ಹೀಗೆ ಮುಚ್ಚಿಯೇ ಇಟ್ಟುಕೊಳ್ಳುತ್ತದೆ. ಆಗ ರೆಕ್ಕೆಗೆ ಎಣ್ಣೆ ಕಾಗದದಂಥ ಹೊಳಪಿರುತ್ತದೆ. ನಾನು ನೋಡುತ್ತಿದ್ದ ಹಾಗೇ ಒಮ್ಮೆ ನಡುಗಿ ನಾಲ್ಕೂ ರೆಕ್ಕೆ ಬಿಚ್ಚಿಕೊಂಡಿತು. ಒಮ್ಮೆ ಹಾಗೆ ಬಿಚ್ಚಿದ ಮೇಲೆ ಮತ್ತೆ ಬೆನ್ನ ಮೇಲೆ ಮಡಚುವುದಿಲ್ಲ. ಮುಂಜಾನೆಯ ಫೋಟೊದಲ್ಲಿ ಪಕ್ಕದಲ್ಲೇ ಪೊರೆ ಕಂಡರೆ ರೆಕ್ಕೆಯ ಸಾಕ್ಷಿ ಬಿಟ್ಟು ಕಣ್ಣನ್ನೇ ನೋಡಿ. ಪೊರೆಯೂ ಗುರುತು ಹೇಳುತ್ತದೆ. ಡ್ರ್ಯಾಗನ್‌ಫ್ಲೈನದು ಗುಜ್ಜಾಗಿರುತ್ತದೆ. ಡ್ಯಾಮ್ಸೆಲ್‌ಫ್ಲೈನದು ಸಪೂರ, ಬಾಲದ ತುದಿಗೆ ಮೂರು ಎಲೆಯಂಥ ಕಿವಿರುಗಳ ಗುರುತೂ ಉಳಿದಿರಬಹುದು.

ಫೋಟೊ ತೆಗೆಯುವಾಗಿನ ದೊಡ್ಡ ತೊಂದರೆ ಪಕ್ಕದಿಂದ ತೆಗೆಯುವುದು. ನಮಗೆಲ್ಲ ಪಕ್ಕದ ನೋಟವೇ ಚಂದ, ಮೈಬಣ್ಣ, ಪಟ್ಟೆ ಎಲ್ಲ ಬರುತ್ತದೆ. ಆದರೆ ಪಕ್ಕದಿಂದ ಒಂದು ಕಣ್ಣು ಇನ್ನೊಂದನ್ನು ಮರೆ ಮಾಡುತ್ತದೆ, ನಡುವಿನ ದೂರ ಅಳೆಯಲು ಬರುವುದೇ ಇಲ್ಲ. ನಿಮ್ಮ ಮೂರನೇ ಫೋಟೊದಲ್ಲೂ ಹಾಗೇ ಆಗಿದೆ. ಅದನ್ನು ರೆಕ್ಕೆ ಮತ್ತು ಮೈಕಟ್ಟಿನ ಮೇಲೆ ಹೇಳಿದೆನೇ ಹೊರತು ಕಣ್ಣು ನೋಡಿ ಅಲ್ಲ. ಒಂದೇ ಹುಳಕ್ಕೆ ಎರಡು ಫೋಟೊ ತೆಗೆಯಿರಿ. ಒಂದು ಪಕ್ಕದಿಂದ, ಇನ್ನೊಂದು ಮೇಲಿನಿಂದ ಅಥವಾ ಮುಖಕ್ಕೆ ಎದುರಾಗಿ. ಮೇಲಿನಿಂದ ತೆಗೆಯುವಾಗ ನಿಮ್ಮ ನೆರಳು ಅದರ ಮೇಲೆ ಬಿದ್ದರೆ ಹಾರಿಹೋಗುತ್ತದೆ, ಬಿಸಿಲು ಯಾವ ಕಡೆ ಇದೆ ನೋಡಿಕೊಂಡು ನಿಲ್ಲಿ. ಹಾರಿದರೂ ಅವಸರದಲ್ಲಿ ಬೆನ್ನಟ್ಟಬೇಡಿ. ಕ್ಲಬ್‌ಟೇಲ್‌ನಂಥವು ಅದೇ ಕಡ್ಡಿಗೆ ಮತ್ತೆ ಮತ್ತೆ ಬಂದು ಕೂರುತ್ತವೆ. ಹಾರುತ್ತಿರುವಾಗ ತೆಗೆದ ಫೋಟೊದಲ್ಲಿ ಎರಡೂ ಜಾತಿಯ ರೆಕ್ಕೆ ಬಿಚ್ಚಿಯೇ ಇರುವುದರಿಂದ ಅಲ್ಲಿ ಭಂಗಿ ಲೆಕ್ಕಕ್ಕಿಲ್ಲ.

ಕಣ್ಣು ಮಸುಕಾಗಿದ್ದರೆ ಕೊನೆಗೆ ಹಿಂದಿನ ಜೋಡಿ ರೆಕ್ಕೆಯ ಬುಡ ನೋಡಬಹುದು. ಡ್ಯಾಮ್ಸೆಲ್‌ಫ್ಲೈಗೆ ನಾಲ್ಕೂ ರೆಕ್ಕೆ ಹೆಚ್ಚುಕಡಿಮೆ ಒಂದೇ ಆಕಾರ, ಬುಡ ತೊಟ್ಟಿನ ಹಾಗೆ ಕಿರಿದು. ಡ್ರ್ಯಾಗನ್‌ಫ್ಲೈಗೆ ಹಿಂದಿನ ರೆಕ್ಕೆ ಬುಡದಲ್ಲಿ ಅಗಲ.

ನಿಮ್ಮ ಮೊದಲನೇ ಫೋಟೊವನ್ನು ಮುಂದಿನ ಸಂಚಿಕೆಯಲ್ಲಿ, ತಪ್ಪೊಪ್ಪಿಗೆಯ ಜೊತೆ ಹಾಕುತ್ತೇವೆ. ಅದರ ಅಡಿಯಲ್ಲಿ ಸ್ಪ್ರೆಡ್‌ವಿಂಗ್ ಎಂದಷ್ಟೇ ಇರುತ್ತದೆ. ಅದರೊಳಗೆ ಯಾವ ಪ್ರಭೇದ ಅಂತ ಹೇಳಲು ಎದೆಯ ಪಕ್ಕದ ಗುರುತು ಮತ್ತು ಬಾಲದ ತುದಿ ಸ್ಪಷ್ಟವಾಗಿ ಕಾಣಬೇಕು, ನಿಮ್ಮ ಫೋಟೊದಲ್ಲಿ ಬಾಲದ ತುದಿ ಜೊಂಡಿನ ಹಿಂದೆ ಸೇರಿಕೊಂಡಿದೆ. ಅದೇ ಜೊಂಡಿನ ಹತ್ತಿರ ಇನ್ನೊಮ್ಮೆ ಸಿಕ್ಕರೆ ಎರಡೂ ಕಡೆಯಿಂದ ತೆಗೆದು ಕಳಿಸಿ.

— ಸಂ.