‘ತುಂಬಾ’ ಎಲ್ಲಿ ಬೇಕು, ಆಶ್ಚರ್ಯಸೂಚಕ ಚಿಹ್ನೆ ಎಲ್ಲಿ ಬೇಕು?

ಪ್ರಶ್ನೆ: ಮಲ್ಪೆ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಉಂಟು. ಅದಕ್ಕೆ ಹೀಗೆ ಬರೆದಿದ್ದೇನೆ: ‘ಬೀಚಿಗೆ ತುಂಬಾ ಹತ್ತಿರ!! ನಿಜಕ್ಕೂ ಅತ್ಯಂತ ರುಚಿಕರವಾದ ಕರಾವಳಿ ಊಟ!!! ರೂಮುಗಳು ಬಹಳ ಸ್ವಚ್ಛ! ಖಂಡಿತವಾಗಿಯೂ ಮರೆಯಲಾಗದ ಅನುಭವ!!’ ಓದಿದವರು ‘ನಂಬಿಕೆ ಬರುವುದಿಲ್ಲ’ ಅನ್ನುತ್ತಾರೆ. ಎಲ್ಲಿ ತಪ್ಪಿದೆ?

ಉತ್ತರ: ನಾಲ್ಕು ಸಾಲಿನಲ್ಲಿ ಒತ್ತು ಕೊಡುವ ಪದ ಐದು, ಆಶ್ಚರ್ಯಸೂಚಕ ಚಿಹ್ನೆ ಎಂಟು. ಆದರೆ ಓದುವವರಿಗೆ ಹೊಸದಾಗಿ ತಿಳಿಯುವ ಸಂಗತಿ ಒಂದೂ ಇಲ್ಲ. ಸಂಗತಿ ಇರಬೇಕಾದ ಜಾಗದಲ್ಲಿ ಒತ್ತು ಕೂತಿದೆ, ಅಪನಂಬಿಕೆ ಹುಟ್ಟುವುದು ಅಲ್ಲಿಂದ.

‘ತುಂಬಾ’ ಬಂದದ್ದು ‘ತುಂಬು’ವಿನಿಂದ. ‘ಅಂಗಳ ತುಂಬಾ ಅಡಿಕೆ’ ಅಂದರೆ ನೆಲ ಕಾಣದ ಹಾಗೆ ಹರವಿದ ಅಡಿಕೆ ಕಣ್ಣಿಗೆ ಬರುತ್ತದೆ. ‘ತುಂಬಾ ಹತ್ತಿರ’ ಅಂದಾಗ ಏನೂ ಬರುವುದಿಲ್ಲ. ಕಾರಿನಲ್ಲಿ ಬರುವವರಿಗೆ ಎರಡು ಕಿಲೋಮೀಟರ್ ಹತ್ತಿರ, ಮಂಡಿನೋವಿರುವ ಅಜ್ಜಿಗೆ ಮುನ್ನೂರು ಮೀಟರ್ ಕೂಡ ದೂರ. ಗೇಟಿನಿಂದ ಮರಳಿನವರೆಗೆ ನಡೆದು ನೋಡಿ, ನಿಮಿಷ ಎಷ್ಟಾಯಿತೋ ಅದನ್ನು ಬರೆಯಿರಿ.

ಒತ್ತಿನ ಪದ ಯಾವಾಗಲೂ ಪೊಳ್ಳು ಅಂತಲ್ಲ. ಹವಾಮಾನ ಇಲಾಖೆ ‘ಭಾರೀ ಮಳೆ’ ಅಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್, ‘ಅತಿ ಭಾರೀ’ ಅಂದರೆ ಅಲ್ಲಿಂದ ಮೇಲೆ 204.4ರವರೆಗೆ. ಇಲ್ಲಿ ‘ಅತಿ’ಯನ್ನು ತೆಗೆದರೆ ಅರ್ಥವೇ ಬದಲಾಗುತ್ತದೆ, ಯಾಕೆಂದರೆ ಅದರ ಹಿಂದೆ ಅಳತೆ ಉಂಟು. ನಿಮ್ಮ ಸಾಲುಗಳಿಗೂ ಇದೇ ಪರೀಕ್ಷೆ ಮಾಡಿ: ಪದ ತೆಗೆದು ಓದಿ. ‘ರೂಮುಗಳು ಬಹಳ ಸ್ವಚ್ಛ’, ‘ರೂಮುಗಳು ಸ್ವಚ್ಛ’ ಎರಡೂ ಒಂದೇ ಆದರೆ ‘ಬಹಳ’ ಬೇಡ. ‘ಪ್ರತಿ ಅತಿಥಿಗೂ ಒಗೆದ ಹೊಸ ಬೆಡ್‌ಶೀಟ್’ ಅಂದರೆ ‘ಸ್ವಚ್ಛ’ವೂ ಬೇಡ.

‘ನಿಜಕ್ಕೂ’, ‘ಖಂಡಿತವಾಗಿಯೂ’ ಇವೆರಡು ಇನ್ನೂ ಹೆಚ್ಚು ಹಾನಿ ಮಾಡುತ್ತವೆ. ಓದುವವರಿಗೆ ಮೊದಲೇ ಸಂಶಯವಿದ್ದರೆ ಮಾತ್ರ ಇವಕ್ಕೆ ಕೆಲಸ: ‘ಹೊರಗಿನಿಂದ ಹಳೇ ಮನೆಯ ಹಾಗೆ ಕಾಣುತ್ತದೆ, ಆದರೆ ಒಳಗೆ ನಿಜಕ್ಕೂ ತಂಪು.’ ಸಂಶಯವೇ ಇಲ್ಲದ ಕಡೆ ಹಾಕಿದರೆ ‘ಹಾಗಾದರೆ ಉಳಿದದ್ದು ನಿಜವಲ್ಲವೋ?’ ಎಂಬ ಪ್ರಶ್ನೆಯನ್ನು ನೀವೇ ಎಬ್ಬಿಸಿದ ಹಾಗೆ. ‘ಅತ್ಯಂತ’ಕ್ಕೆ ಹೋಲಿಕೆ ಬೇಕು, ಯಾವುದರ ನಡುವೆ ಅತ್ಯಂತ ಅಂತ. ಊಟಕ್ಕೆ ಅದು ಬೇಡ, ಊಟದ ಹೆಸರು ಸಾಕು.

ಇನ್ನು, ಒತ್ತು ಬೇಕೇ ಬೇಕಾದಾಗ ಕನ್ನಡದ ಒಳಗೇ ಒಳ್ಳೆಯ ದಾರಿಗಳಿವೆ. ಬಿಸಿಬಿಸಿ, ನಟ್ಟನಡು, ತುತ್ತತುದಿ, ಕಟ್ಟಕಡೆ: ಪದವೇ ಇಮ್ಮಡಿಯಾಗಿ ಜೋರು ಬರುತ್ತದೆ. ಇಲ್ಲದಿದ್ದರೆ ಒಂದು ‘ಏ’ ಸಾಕು: ‘ಹಿತ್ತಲಲ್ಲೇ ಬೆಳೆದ ಬಸಳೆ’. ವಾಕ್ಯಕ್ಕೆ ಒಂದೇ ‘ಏ’ ಇರಲಿ; ಎರಡಾದರೆ ಯಾವುದಕ್ಕೆ ಒತ್ತು ಅಂತ ತಿಳಿಯುವುದಿಲ್ಲ. ನಮ್ಮ ಕಡೆ ‘ಭಾರೀ ಲಾಯ್ಕ ಉಂಟು’ ಅನ್ನುವಾಗ ‘ಭಾ’ವನ್ನು ಎಳೆಯುವ ರೀತಿಯಲ್ಲೇ ಎಲ್ಲ ತಿಳಿಯುತ್ತದೆ. ಆ ಎಳೆತ ಬರಹದಲ್ಲಿ ಇಲ್ಲದ್ದಕ್ಕೆ ಜನ ಚಿಹ್ನೆ ಪೇರಿಸುತ್ತಾರೆ. ಆದರೆ ಮೂರು ಚಿಹ್ನೆ ಹಾಕಿದರೂ ದನಿ ಏರುವುದಿಲ್ಲ, ಪಕ್ಕದ ಸಾಲಿನ ಒಂದು ಚಿಹ್ನೆ ಸಪ್ಪೆಯಾಗುತ್ತದೆ ಅಷ್ಟೆ.

ನಿಮ್ಮ ಬರಹ ಹೀಗೆ ಆಗಬಹುದು, ವಿವರ ಮಾತ್ರ ನಿಮ್ಮ ಮನೆಯದ್ದೇ ಹಾಕಿ:

‘ಗೇಟಿನಿಂದ ಬೀಚಿಗೆ ನಡೆದು ಏಳು ನಿಮಿಷ. ಬೆಳಿಗ್ಗೆ ಕಾವಲಿಯಿಂದ ಇಳಿದ ಬಿಸಿಬಿಸಿ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ. ಮೀನು ತಿನ್ನದವರಿಗೆ ಹಿತ್ತಲಲ್ಲೇ ಬೆಳೆದ ಬಸಳೆಯ ಸಾಂಬಾರು. ಪ್ರತಿ ಅತಿಥಿಗೂ ಒಗೆದ ಹೊಸ ಬೆಡ್‌ಶೀಟ್. ಮಳೆಗಾಲದಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟು ಇರುವುದಿಲ್ಲ.’

‘ಮರೆಯಲಾಗದ ಅನುಭವ’ದ ಸಾಲನ್ನು ಪೂರ್ತಿ ಬಿಟ್ಟಿದ್ದೇನೆ, ಅದನ್ನು ಹೇಳಬೇಕಾದವರು ಬಂದು ಹೋದವರು. ಬೋಟಿನ ಸಾಲನ್ನು ಬೇಕೆಂದೇ ಸೇರಿಸಿದ್ದು. ವ್ಯಾಪಾರಕ್ಕೆ ಅನುಕೂಲವಲ್ಲದ ಒಂದು ಸತ್ಯ ಇದ್ದರೆ ಉಳಿದ ಸಾಲುಗಳಿಗೂ ನಂಬಿಕೆ ಬರುತ್ತದೆ.

ಬರೆದಾದ ಮೇಲೆ ಮೊಬೈಲಿನಲ್ಲೇ ‘!’ ಹುಡುಕಿ, ಆಮೇಲೆ ತುಂಬ, ತುಂಬಾ, ಬಹಳ, ಅತ್ಯಂತ, ನಿಜಕ್ಕೂ, ನಿಜವಾಗಿಯೂ ಒಂದೊಂದಾಗಿ ಹುಡುಕಿ. ಸಿಕ್ಕಿದ್ದನ್ನೆಲ್ಲ ಅಳಿಸಬೇಡಿ, ತೆಗೆದು ಓದುವ ಪರೀಕ್ಷೆ ಮಾಡಿ. ವಾಟ್ಸಾಪಿನಲ್ಲಿ ಅತಿಥಿಗೆ ‘ಬನ್ನಿ!’ ಅಂತ ಬರೆದರೆ ಅದು ಆದರ, ಅಲ್ಲಿ ಚಿಹ್ನೆ ಇರಲಿ. ಅಯ್ಯೋ, ಅಬ್ಬಾ ಇರುವ ಮಾತಿಗೂ ಇರಲಿ. ಹೋಮ್‌ಸ್ಟೇ ಬರಹದಲ್ಲಿ ಒಂದೇ ಒಂದು ಕಡೆ ನಾನು ಅದನ್ನು ಉಳಿಸಿಕೊಳ್ಳುತ್ತೇನೆ, ‘ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯಬೇಡಿ!’ ಎಂಬಲ್ಲಿ. ಮೇಲೆಯೇ ಎಂಟು ಚಿಹ್ನೆ ಖರ್ಚು ಮಾಡಿದ್ದರೆ ಈ ಒಂಬತ್ತನೆಯದನ್ನು ಯಾರೂ ಗಮನಿಸುವುದಿಲ್ಲ.