ಪೈಪ್ ಒಡೆದ ಮನೆಗೆ ಸರ್ವೇಯರ್ ಬರುವ ಮುನ್ನ

ಪ್ರಶ್ನೆ: ಸಿಂಕ್ ಕೆಳಗಿನ ಪೈಪ್ ಒಡೆದು ನೀರು ಹಾಲ್‌ವರೆಗೂ ಹರಿದಿದೆ. ಹಾನಿ ನೋಡಲು ಇನ್ಶೂರೆನ್ಸ್ ಸರ್ವೇಯರ್ ನಾಳಿದ್ದು ಬರ್ತಾರಂತೆ. ಏನು ರೆಡಿ ಇಡಬೇಕು, ಏನೇನು ತೋರಿಸಬೇಕು?

ಉತ್ತರ: ನಾನೂ ಇದೇ ಕೆಲಸದಲ್ಲಿರುವವನು. ಮೊದಲನೆಯದಾಗಿ, ಹಗಲು ಹೊತ್ತಿನಲ್ಲೇ ಬರಲು ಹೇಳಿ. ಗೋಡೆಯ ತೇವದ ಗುರುತು ಟ್ಯೂಬ್‌ಲೈಟಿನಲ್ಲಿ ಸರಿಯಾಗಿ ಕಾಣುವುದಿಲ್ಲ.

ಪಾಲಿಸಿ ಪ್ರತಿ, ಕ್ಲೇಮ್ ನಂಬರ್, ಗುರುತಿನ ಚೀಟಿ, ಹಾಳಾದ ವಸ್ತುಗಳ ಬಿಲ್ ಜೊತೆಗಿರಲಿ. ಬಿಲ್ ಕಳೆದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಹಳೆಯ ಫೋಟೊ ತೋರಿಸಿ. ಪ್ಲಂಬರ್ ಬಿಲ್‌ನಲ್ಲಿ ಬರೀ 'ರಿಪೇರಿ' ಎಂದಿದ್ದರೆ ಸಾಲದು. ಎಲ್ಲಿ, ಹೇಗೆ ಒಡೆದಿತ್ತು ಎಂದು ಬರೆಸಿ.

ಒಡೆದ ತುಂಡನ್ನು ಮಾತ್ರ ದಯವಿಟ್ಟು ಎಸೆಯಬೇಡಿ. ಸಾಮಾನ್ಯವಾಗಿ ಪಾಲಿಸಿಗಳು ದಿಢೀರ್ ಒಡೆತಕ್ಕೆ ಹಣ ಕೊಡುತ್ತವೆ, ತಿಂಗಳುಗಟ್ಟಲೆ ತೊಟ್ಟಿಕ್ಕಿದ್ದಕ್ಕೆ ಕೊಡುವುದಿಲ್ಲ. ಸೀಳು ಹೊಸದಾಗಿದ್ದರೆ ಅಂಚು ಸ್ವಚ್ಛವಾಗಿರುತ್ತದೆ. ಸುತ್ತ ಬಿಳಿ ಉಪ್ಪಿನ ಪದರ, ತುಕ್ಕು ಕಂಡರೆ ನಮಗೆ ಅನುಮಾನ ಶುರು.

ತೋರಿಸುವುದನ್ನು ನೀರು ಹರಿದ ದಾರಿಯಲ್ಲೇ ತೋರಿಸಿ: ಸಿಂಕ್ ಕಪಾಟಿನ ಒಳಗೆ, ಅದರ ತಳದ ಹಲಗೆ ಉಬ್ಬಿದ ಜಾಗ, ಆಮೇಲೆ ಹಾಲ್‌ನ ನೆಲ. ಕಪಾಟಿನ ಹಿಂಬದಿ ಗೋಡೆಯ ಆಚೆ ಬದಿಯನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿ ಬಣ್ಣ ಒಣಗಿದಂತೆ ಕಂಡರೂ ತೇವದ ಮೀಟರ್ ಒತ್ತಿದರೆ ಮುಳ್ಳು ಮೇಲೇರಬಹುದು. ಕೆಳಮನೆಯ ಚಾವಣಿ ನೆಂದಿದ್ದರೆ ಅವರಿಗೂ ಮೊದಲೇ ಹೇಳಿಡಿ.

ಹಾಗಂತ ಸರ್ವೇಯರ್ ಬರುವವರೆಗೆ ನಿಂತ ನೀರನ್ನು ಹಾಗೇ ಬಿಟ್ಟುಕೊಂಡು ಕೂರಬೇಡಿ. ಫೋಟೊ ತೆಗೆದು ಒರೆಸಿ. ನೆಂದ ಹಲಗೆ, ಕಾರ್ಪೆಟ್ ಮೂಲೆಯಲ್ಲಿರಲಿ, ಗುಜರಿಗೆ ಹಾಕಬೇಡಿ.