ನೂರು ಹೊಲಕ್ಕೆ ಡ್ರಿಪ್ ಹಾಕಿದ ಮೇಲೆ ಗೊತ್ತಾಗಿದ್ದು: ಮೊದಲು ಡ್ರಮ್ಮು, ಆಮೇಲೆ ಪೈಪು

ಪ್ರಶ್ನೆ: ನಿಮ್ಮ ಅಂಗಡಿ ಮುಂದೆ "ನೂರನೇ ಗ್ರಾಹಕರಿಗೆ ವಂದನೆ" ಅಂತ ಬೋರ್ಡ್ ನೋಡಿದೆ. ನೂರು ಹೊಲದಲ್ಲಿ ಏನು ಕಲಿತ್ರಿ ಅಂತ ಜಾಹೀರಾತು ಬಿಟ್ಟು ಹೇಳಿ. ನನ್ನದು ಮದ್ದೂರು ಹತ್ತಿರ 3 ಎಕರೆ ಕಬ್ಬು. ಬೋರ್ ಕೊರೆಸಿದಾಗ 3 ಇಂಚು ನೀರು ಅಂದಿದ್ದರು. ಪೂರ್ತಿ ಡ್ರಿಪ್ ಮಾಡಬಹುದಾ?

ಬಹುಶಃ ಪೂರ್ತಿ ಆಗಲ್ಲ. ಎಷ್ಟು ಆಗುತ್ತೆ ಅಂತ ಹೇಳೋದು ನಿಮ್ಮ ಜಮೀನಲ್ಲ, ನಿಮ್ಮ ಬೋರು. ನಾವು ಕಲಿತದ್ದರಲ್ಲಿ ದೊಡ್ಡದು ಇದೇ, ಕಲಿಯೋಕೆ ಹೆಚ್ಚು ಹೊತ್ತು ಹಿಡಿದದ್ದೂ ಇದೇ. ಶುರುವಿನಲ್ಲಿ ನಾವೂ ಎಕರೆ ಕೇಳಿ, ಮೋಟರ್ ಎಷ್ಟು ಎಚ್‌ಪಿ ಅಂತ ಕೇಳಿ ಪೈಪಿನ ಪಟ್ಟಿ ಬರೆದುಕೊಡುತ್ತಿದ್ದೆವು. ಅದು ತಪ್ಪು.

ಮೊದಲು ಆ "3 ಇಂಚು" ಏನು ಅಂತ ನೋಡಿ. ಅದು ಪೈಪಿನ ಸೈಜಲ್ಲ. ಬೋರ್ ಕೊರೆಯುವವರು ವಿ ಆಕಾರಕ್ಕೆ ಕತ್ತರಿಸಿದ ತಗಡಿನ ಮೇಲೆ ನೀರು ಹರಿಸಿ, ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ನಿಂತಿತು ಅಂತ ಅಳೆಯುವ ಇಂಚು ಅದು. ಕಚ್ಚು 90 ಡಿಗ್ರಿಯದ್ದಾದರೆ 2 ಇಂಚಿಗೆ ಗಂಟೆಗೆ ಸುಮಾರು 2,900 ಲೀಟರ್, 3 ಇಂಚಿಗೆ ಸುಮಾರು 8,000 ಲೀಟರ್. ಒಂದು ಇಂಚು ಹೆಚ್ಚಾದರೆ ನೀರು ಎರಡೂವರೆ ಪಟ್ಟಿಗಿಂತ ಜಾಸ್ತಿ, ಹಾಗಾಗಿ ಅರ್ಧ ಇಂಚು ಕಣ್ಣಂದಾಜು ತಪ್ಪಿದರೂ ಲೆಕ್ಕವೇ ಕೆಡುತ್ತೆ. ಅದೂ ಕೊರೆದ ದಿನದ ನೀರು, ಏಪ್ರಿಲ್ ತಿಂಗಳದ್ದಲ್ಲ.

ಅದಕ್ಕೆ 200 ಲೀಟರ್ ಡ್ರಮ್ಮು ಬೇಕು. ಬೇಸಿಗೆಯಲ್ಲಿ ಮೋಟರ್ ಎರಡು ಗಂಟೆ ಬಿಡದೆ ಓಡಿಸಿ, ಆಮೇಲೆ ಅಳೆಯಿರಿ. ಶುರುವಿನ ನೀರು ಬೋರಿನಲ್ಲಿ ರಾತ್ರಿಯೆಲ್ಲ ನಿಂತದ್ದು, ಅದನ್ನು ನಂಬಬೇಡಿ. ಇನ್ನೊಂದು ಮಾತು, ಪೈಪಿನ ಬಾಯಿ ಪೂರ್ತಿ ಬಿಟ್ಟು ಅಳೆದಷ್ಟು ನೀರು ಡ್ರಿಪ್‌ಗೆ ಸಿಗಲ್ಲ. ಫಿಲ್ಟರ್ ದಾಟಿ, ಮೇನ್ ಪೈಪಿನಲ್ಲಿ ಹೋಗಿ, ಕೊನೆಗೆ ಸಾಲಿನಲ್ಲಿ ಒಂದು ಕೆಜಿ ಪ್ರೆಶರ್ ಉಳಿಯಬೇಕು. ಆದ್ದರಿಂದ ಪ್ರೆಶರ್ ಗೇಜ್ ಕೂರಿಸಿ, ಅದರ ಮುಂದಿನ ವಾಲ್ವ್ ಸ್ವಲ್ಪ ಮುಚ್ಚಿ, ಮುಳ್ಳು 2 ಕೆಜಿಗೆ ಬಂದಾಗ ಡ್ರಮ್ಮು ಹಿಡಿಯಿರಿ. ನಾವು ಡ್ರಮ್ಮು ತಂದ ದಿನ "ಪೈಪ್ ತರಲಿಲ್ವಾ?" ಅಂತ ಕೇಳುವವರಿದ್ದಾರೆ. ಕೇಳಲಿ.

ಡ್ರಮ್ಮು 130 ಸೆಕೆಂಡಿನಲ್ಲಿ ತುಂಬಿತು ಅಂದುಕೊಳ್ಳೋಣ. ಅಂದರೆ ಗಂಟೆಗೆ ಸುಮಾರು 5,500 ಲೀಟರ್. ಪಂಪ್‌ಸೆಟ್‌ಗೆ ತ್ರೀ ಫೇಸ್ ದಿನಕ್ಕೆ 7 ಗಂಟೆ ಅಂತ ಹಿಡಿದರೆ ದಿನಕ್ಕೆ 38,500 ಲೀಟರ್. ಬಿರುಬೇಸಿಗೆಯಲ್ಲಿ ಬೆಳೆದ ಕಬ್ಬಿಗೆ ನಾವು ಎಕರೆಗೆ ದಿನಕ್ಕೆ 22,000 ಲೀಟರ್ ಲೆಕ್ಕ ಹಾಕುತ್ತೇವೆ. ಭಾಗಿಸಿದರೆ ಒಂದು ಎಕರೆ 30 ಗುಂಟೆ. ಅದಕ್ಕಿಂತ ಹೆಚ್ಚಿಗೆ ಪೈಪು ಎಳೆದರೆ ಮಳೆಗಾಲದಲ್ಲಿ ಚೆನ್ನಾಗೇ ಕಾಣುತ್ತೆ, ಮೇ ತಿಂಗಳಲ್ಲಿ ಬಣ್ಣ ಬಯಲಾಗುತ್ತೆ.

ಈಗ ಭಾಗ ಮಾಡೋದು. 5 ಅಡಿ ಸಾಲಿಗೆ ಎಕರೆಗೆ ಸುಮಾರು 2,650 ಮೀಟರ್ ಲ್ಯಾಟರಲ್, ಅಂದರೆ ಸಾಲಿನುದ್ದಕ್ಕೆ ಎಳೆಯುವ ಡ್ರಿಪ್ ಪೈಪು ಹಿಡಿಯುತ್ತೆ. 40 ಸೆಂಟಿಮೀಟರಿಗೆ ಒಂದು ಡ್ರಿಪ್ಪರ್, ಒಂದೊಂದೂ ಗಂಟೆಗೆ 2 ಲೀಟರ್. ಎಕರೆಗೆ 6,600 ಡ್ರಿಪ್ಪರ್, ಎಲ್ಲವೂ ಒಟ್ಟಿಗೆ ಸುರಿದರೆ ಗಂಟೆಗೆ 13,000 ಲೀಟರಿಗೂ ಮೇಲೆ. ನಿಮ್ಮ ಬೋರ್ ಕೊಡೋದು 5,500. ಅಂದರೆ ಒಂದು ಸಲಕ್ಕೆ 16 ಗುಂಟೆಗಿಂತ ಹೆಚ್ಚು ಬಿಡೋಕಾಗಲ್ಲ. 16 ಗುಂಟೆಯ ನಾಲ್ಕು ಭಾಗ, ನಾಲ್ಕು ವಾಲ್ವ್. ಒಂದೊಂದು ಭಾಗಕ್ಕೆ 1 ಗಂಟೆ 40 ನಿಮಿಷ, ಒಟ್ಟು 6 ಗಂಟೆ 40 ನಿಮಿಷ. ಕರೆಂಟ್ ಇರುವಷ್ಟರಲ್ಲಿ ಮುಗಿಯುತ್ತೆ, ಫಿಲ್ಟರ್ ತೊಳೆಯೋಕೆ 20 ನಿಮಿಷ ಉಳಿಯುತ್ತೆ. ಒಟ್ಟು ಆಗೋದು 1 ಎಕರೆ 24 ಗುಂಟೆ. ನಿಮ್ಮ ಸಾಲು ಈಗ 3 ಅಡಿ ಇದ್ದರೆ ಮುಂದಿನ ನಾಟಿವರೆಗೆ ಕಾಯಿರಿ. 3 ಅಡಿಗೆ ಎಕರೆಗೆ 4,400 ಮೀಟರ್ ಪೈಪು ಬೇಕು, ಕಬ್ಬಿಗೆ ಅಷ್ಟು ದುಡ್ಡು ಹಾಕೋದು ದಂಡ.

ಎರಡು ವಾಲ್ವ್ ಒಟ್ಟಿಗೆ ಬಿಟ್ಟರೆ ಬೇಗ ಮುಗಿಯುತ್ತೆ ಅಂತ ಅನ್ನಿಸುತ್ತೆ. ಆಗ ಪ್ರೆಶರ್ ಬಿದ್ದು, ಹತ್ತಿರದ ಡ್ರಿಪ್ಪರ್ ಕುಡಿಯುತ್ತೆ, ಕೊನೆಯದು ಬೆವರುತ್ತೆ, ಅಷ್ಟೆ. ಹೊಲದ ಬಾಲದ ಕಡೆ ಕಬ್ಬು ಗಿಡ್ಡ ಕಂಡಾಗ ಜನ ಗೊಬ್ಬರ ಸಾಲದು ಅಂತಾರೆ. ಗೊಬ್ಬರಕ್ಕೆ ಹೋಗುವ ಮೊದಲು ಒಂದು ಲೋಟ ತಗೊಳ್ಳಿ. ಮೊದಲ ಸಾಲಿನ ಮೊದಲ ಡ್ರಿಪ್ಪರ್ ಕೆಳಗೆ 3 ನಿಮಿಷ, ಕೊನೆಯ ಸಾಲಿನ ಕೊನೆಯ ಡ್ರಿಪ್ಪರ್ ಕೆಳಗೆ 3 ನಿಮಿಷ ಇಡಿ. 2 ಲೀಟರಿನ ಡ್ರಿಪ್ಪರ್ 3 ನಿಮಿಷಕ್ಕೆ 100 ಮಿಲಿ ಕೊಡಬೇಕು. ಕೊನೆಯದು 90 ಕೊಟ್ಟರೆ ಸರಿ. 80ಕ್ಕಿಂತ ಕಡಿಮೆಯಾದರೆ ಕಾರಣ ಹುಡುಕಬೇಕು.

ಕಾರಣ ಹುಡುಕೋದು ಹೀಗೆ. ಫಿಲ್ಟರಿನ ಹಿಂದೊಂದು ಮುಂದೊಂದು ಗೇಜ್ ಇರಲಿ. ಎರಡರ ನಡುವೆ ಅರ್ಧ ಕೆಜಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಫಿಲ್ಟರ್ ಕಟ್ಟಿದೆ, ತೊಳೆಯಿರಿ. ವ್ಯತ್ಯಾಸ ಇಲ್ಲ, ಆದರೆ ಎರಡೂ ಗೇಜ್ ಮೊದಲಿಗಿಂತ ಇಳಿದಿದ್ದರೆ ಬೋರಿನ ನೀರು ಇಳಿದಿದೆ ಅಥವಾ ಎಲ್ಲೋ ಪೈಪು ಒಡೆದಿದೆ. ಗೇಜ್ ಸರಿಯಾಗಿದ್ದು, ಅಲ್ಲೊಂದು ಇಲ್ಲೊಂದು ಡ್ರಿಪ್ಪರ್ ಮಾತ್ರ ಕಡಿಮೆ ಕೊಟ್ಟರೆ ಅವು ಕಟ್ಟಿಕೊಂಡಿವೆ. ಒಂದನ್ನು ಕುಯ್ದು ನೋಡಿ. ಒಳಗೆ ಬಿಳಿ ಹರಳಿನ ಥರ ಇದ್ದರೆ ಬೋರಿನ ಗಡಸು ನೀರಿನ ಸುಣ್ಣ, ಲೋಳೆ ಇದ್ದರೆ ಪಾಚಿ.

ಸುಣ್ಣಕ್ಕೆ ಹೈಡ್ರೋಕ್ಲೋರಿಕ್ ಆಸಿಡ್. ಎಷ್ಟು ಅಂತ ಬೇರೆ ಹೊಲದ ಅಳತೆ ತರಬೇಡಿ, ಒಂದೊಂದು ಬೋರಿಗೆ ಒಂದೊಂದು ಲೆಕ್ಕ. 10 ಲೀಟರ್ ನಿಮ್ಮ ನೀರಿಗೆ ಮಿಲಿಲೆಕ್ಕದಲ್ಲಿ ಆಸಿಡ್ ಹಾಕುತ್ತಾ, ಪಿಎಚ್ ಕಾಗದ 4 ತೋರಿಸುವವರೆಗೆ ಹೋಗಿ. ಅದೇ ಪ್ರಮಾಣದಲ್ಲಿ, ಪೈಪಿನ ನೀರಿಗೆ ಆಸಿಡ್ ಎಳೆದು ಬೆರೆಸುವ ವೆಂಚುರಿಯಿಂದ ಬಿಟ್ಟು, ಕೊನೆಯ ಡ್ರಿಪ್ಪರಿನಲ್ಲಿ 4 ಬಂದ ಮೇಲೆ ಮೋಟರ್ ನಿಲ್ಲಿಸಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಎಂಡ್ ಕ್ಯಾಪ್ ತೆಗೆದು, ತಿಳಿ ನೀರು ಬರುವವರೆಗೆ ತೊಳೆಯಿರಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಯಾವಾಗಲೂ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಸುರಿದರೆ ಕುದ್ದು ಸಿಡಿಯುತ್ತೆ.

ಉಳಿದ 1 ಎಕರೆ 16 ಗುಂಟೆಗೆ ನಾಲೆ ನೀರು ಸಿಗೋದಾದರೆ ಈಗಿನ ಹಾಗೇ ಹಾಯಿಸಿ. ಆ ನೀರನ್ನೇ ಡ್ರಿಪ್‌ಗೂ ಸೇರಿಸುವ ಆಸೆ ಇದ್ದರೆ ಬರೀ ಜಾಲರಿ ಫಿಲ್ಟರ್ ಸಾಲದು. ನಾಲೆಯ ಪಾಚಿ, ಮಣ್ಣಿಗೆ ಮರಳಿನ ಫಿಲ್ಟರ್ ಮೊದಲು, ಜಾಲರಿ ಆಮೇಲೆ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುವ ಅಭ್ಯಾಸ ಇದ್ದರೆ ಲ್ಯಾಟರಲ್ ಸುತ್ತಿ ಎತ್ತಿಡೋದನ್ನು ಕಡಿಯುವ ಕೂಲಿ ಮಾತಾಡುವಾಗಲೇ ಸೇರಿಸಿ ಮಾತಾಡಿಕೊಳ್ಳಿ.